ಹತ್ತೂವರೆ ಸಾವಿರದೊಳಗೊಂದು ಸುಳ್ಳು

10,500 ಎಂಬ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು, ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸುತ್ತ ಹೋಗಿ. ಎರಡರಿಂದ ಎರಡು ಸಲ ಹೋಗುತ್ತದೆ, 2,625 ಉಳಿಯುತ್ತದೆ. ಮೂರರಿಂದ ಒಂದು ಸಲ, 875. ಐದರಿಂದ ಮೂರು ಸಲ, 7. ಏಳರಿಂದ ಒಂದು ಸಲ, ಅಲ್ಲಿಗೆ ಮುಗಿಯಿತು. ಅಂದರೆ 10,500 = 2² × 3¹ × 5³ × 7¹. ಈಗ ಘಾತಾಂಕಗಳನ್ನು ಮಾತ್ರ ಸಾಲಾಗಿ ಓದಿ: ಎರಡು, ಒಂದು, ಮೂರು, ಒಂದು. ಈ ಸಾಲಿನಲ್ಲಿ ಒಂದು ಸುಳ್ಳು ಕೂತಿದೆ. ಒಂದು ಮತ್ತು ಸೊನ್ನೆ ಸಮ ಎಂಬ ಸುಳ್ಳು. ಅದು ಅಲ್ಲಿಗೆ ಹೇಗೆ ಬಂದು ಕೂತಿತು, ಗಣಿತ ಅದನ್ನು ತನ್ನ ಮನೆಯೊಳಗೆ ಬಿಟ್ಟುಕೊಂಡಿಲ್ಲ ಎಂದು ಗಣಿತವೇ ಏಕೆ ಆಣೆಯಿಟ್ಟು ಹೇಳಲಾರದು ಎಂಬುದು ನಾನು ಬಲ್ಲ ಅತ್ಯಂತ ಸುಂದರವಾದ ತರ್ಕಗಳಲ್ಲೊಂದು. ಅದನ್ನು ಎಷ್ಟು ಸಲ ಹಾದುಹೋದರೂ ಒಂದು ತಿರುವಿನಲ್ಲಿ ನನ್ನ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ. ಆ ತಿರುವಿನವರೆಗೆ ನಿಮ್ಮನ್ನೂ ನಿಧಾನವಾಗಿ ಕರೆದೊಯ್ಯುವ ಆಸೆ.

ಈ ತರ್ಕ ಮೊದಲು ನಾಲ್ಕು ಜನರ ಕಿವಿಗೆ ಬಿದ್ದದ್ದು 1930ರ ಸೆಪ್ಟೆಂಬರ್ 7ರಂದು, ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಆಗ ಅದು ಜರ್ಮನಿಯ ಊರು, ಇಂದು ರಷ್ಯಾದ ಕಲಿನಿನ್‌ಗ್ರಾಡ್. ಗಣಿತದ ಬುನಾದಿಯ ಬಗ್ಗೆ ನಡೆದ ಸಮ್ಮೇಳನದ ಕೊನೆಯ ದಿನದ ಚರ್ಚೆಯಲ್ಲಿ, ವಿಯೆನ್ನಾದಿಂದ ಬಂದಿದ್ದ ಇಪ್ಪತ್ನಾಲ್ಕು ವರ್ಷದ ಕುರ್ಟ್ ಗೋಡೆಲ್ ಮಧ್ಯೆ ಒಂದೆರಡು ಮಾತು ಸೇರಿಸಿದರು: ನಿಜವಾಗಿದ್ದೂ ವ್ಯವಸ್ಥೆಯೊಳಗೆ ಸಾಧಿಸಲಾಗದ ಅಂಕಗಣಿತದ ವಾಕ್ಯಗಳನ್ನು ತೋರಿಸಿಕೊಡಬಹುದು ಎಂದು. ಸಭೆ ಅದನ್ನು ಹೆಚ್ಚು ಗಮನಿಸಲಿಲ್ಲ. ಗಮನಿಸಿದವರು ಜಾನ್ ಫಾನ್ ನಾಯ್ಮನ್. ಚರ್ಚೆ ಮುಗಿದ ಮೇಲೆ ಅವರು ಗೋಡೆಲ್‌ರನ್ನು ಹಿಡಿದು ವಿವರ ಕೇಳಿದರು. ಮರುದಿನ ಅದೇ ಊರಿನಲ್ಲಿ, ಅಲ್ಲೇ ಬೆಳೆದ ಡೇವಿಡ್ ಹಿಲ್ಬರ್ಟ್ ಭಾಷಣ ಮಾಡಿ, ಗಣಿತದಲ್ಲಿ ಅರಿಯಲಾಗದ್ದು ಎಂಬುದೇ ಇಲ್ಲ, ನಾವು ಅರಿಯಲೇಬೇಕು, ಅರಿತೇ ತೀರುತ್ತೇವೆ ಎಂಬರ್ಥದ ಮಾತು ಹೇಳಿದರು. ಆ ಮಾತಿನ ಕೊನೆಯ ಭಾಗ ಗ್ಯೋಟಿಂಗೆನ್‌ನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲಿದೆ.

ಹಿಲ್ಬರ್ಟ್ ಬಯಸಿದ್ದೇನು ಎಂಬುದನ್ನು ನಮ್ಮ ಹೈಸ್ಕೂಲಿನ ರೇಖಾಗಣಿತದ ಪುಸ್ತಕವನ್ನು ನೆನೆದರೆ ಸುಲಭವಾಗಿ ಹಿಡಿಯಬಹುದು. ಪ್ರಮೇಯದ ಕೆಳಗೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಯುತ್ತಿದ್ದೆವು. ಸಾಧನೆಯ ಪ್ರತಿ ಸಾಲಿನ ಮುಂದೆ ಕಾರಣ ಬರೆಯಬೇಕು. ಒಂದೋ ಅದು ಸ್ವಯಂಸಿದ್ಧ, ಇಲ್ಲವೇ ಮೇಲಿನ ಸಾಲುಗಳಿಂದ ಒಪ್ಪಿತ ನಿಯಮದ ಪ್ರಕಾರ ಬಂದದ್ದು. ಈ ಶಿಸ್ತನ್ನು ಕೊನೆಯ ತುದಿಯವರೆಗೆ ಎಳೆಯಿರಿ. ಚಿತ್ರ ಬೇಡ, ‘ಸ್ಪಷ್ಟವಾಗಿದೆ’ ಎಂಬ ಮಾತು ಬೇಡ, ಪದಗಳೂ ಬೇಡ, ಬರೀ ಚಿಹ್ನೆಗಳು ಸಾಕು. ಸಾಧನೆ ಸರಿಯೋ ತಪ್ಪೋ ಎಂದು ನೋಡಲು ಗಣಿತ ಗೊತ್ತಿರಬೇಕಿಲ್ಲ, ಚಿಹ್ನೆಗಳನ್ನು ಸಾಲಿನಿಂದ ಸಾಲಿಗೆ ತಾಳೆ ನೋಡುವ ತಾಳ್ಮೆಯಿದ್ದರೆ ಆಯಿತು. ಇಂಥದ್ದನ್ನೇ ಔಪಚಾರಿಕ ವ್ಯವಸ್ಥೆ ಎನ್ನುವುದು. ಅದರಲ್ಲಿ ಸಂಖ್ಯೆಗಳ ಬಗೆಗಿನ ಪ್ರತಿಯೊಂದು ನಿಜಕ್ಕೂ ಸಾಧನೆ ಸಿಗಬೇಕು, ಅದು ಎಂದೂ ತನ್ನ ಮಾತನ್ನು ತಾನೇ ಅಲ್ಲಗಳೆಯದು ಎಂಬ ಭರವಸೆಯೂ ಸಿಗಬೇಕು ಎಂಬುದು ಹಿಲ್ಬರ್ಟ್ ಅವರ ಬಯಕೆ.

ಇಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ‘ನಿಜ’ ಎಂದರೆ ಸಂಖ್ಯೆಗಳ ಲೋಕದಲ್ಲಿ ಹಾಗೆ ಇದೆ ಎಂದು. ‘ಸಾಧನೆಯಿದೆ’ ಎಂದರೆ ಆ ವಾಕ್ಯದಲ್ಲಿ ಕೊನೆಯಾಗುವ, ನಿಯಮ ತಪ್ಪದ, ಎಲ್ಲೋ ಒಂದು ಕಡೆ ಮುಗಿಯುವ ಸಾಲುಗಳ ಪಟ್ಟಿಯೊಂದಿದೆ ಎಂದು. ಮೊದಲನೆಯದು ಲೋಕದ ವಿಷಯ, ಎರಡನೆಯದು ಕಾಗದದ ವಿಷಯ. ಗೋಡೆಲ್ ಮಾಡಿದ ಮೊದಲ ಕೆಲಸ, ಕಾಗದದ ವಿಷಯವನ್ನೂ ಸಂಖ್ಯೆಗಳ ಲೋಕದೊಳಕ್ಕೆ ತಂದದ್ದು.

ಅದು ಹೇಗೆಂದು ನೋಡಲು ಒಂದು ಪುಟ್ಟ ಲಿಪಿ ಸಾಕು. ಸೊನ್ನೆಗೆ 0 ಎಂಬ ಚಿಹ್ನೆ. ‘ಮುಂದಿನ ಸಂಖ್ಯೆ’ ಎನ್ನಲು S. ಹಾಗಾಗಿ ಒಂದನ್ನು S0 ಎಂದೂ ಎರಡನ್ನು SS0 ಎಂದೂ ಬರೆಯುತ್ತೇವೆ. 270 ಎಂದು ಬರೆಯಬೇಕಾದರೆ 270 S ಬರೆದು ಕೊನೆಗೆ ಒಂದು 0. ಸಮ ಎನ್ನಲು =. ಈಗ ಒಂದೊಂದು ಚಿಹ್ನೆಗೆ ಒಂದೊಂದು ಸಂಖ್ಯೆ ಕೊಡೋಣ: 0 ಚಿಹ್ನೆಗೆ 1, S ಚಿಹ್ನೆಗೆ 2, = ಚಿಹ್ನೆಗೆ 3. ಕೂಡುವುದು, ಗುಣಿಸುವುದು, ‘ಅಲ್ಲ’, ‘ಎಲ್ಲ’, ಆವರಣಗಳು, ಚರಾಕ್ಷರಗಳು, ಇವಕ್ಕೆ ಮುಂದಿನ ಸಂಖ್ಯೆಗಳು. (ಗೋಡೆಲ್ ತಮ್ಮ ಲೇಖನದಲ್ಲಿ ಮೂಲ ಚಿಹ್ನೆಗಳಿಗೆ 1ರಿಂದ 13ರವರೆಗಿನ ಬೆಸ ಸಂಖ್ಯೆಗಳನ್ನು ಕೊಟ್ಟಿದ್ದರು. ನಾನು ಲೆಕ್ಕ ಕೈಯಲ್ಲಿ ಮಾಡಲು ಬರಲೆಂದು ಚಿಕ್ಕವನ್ನು ಆರಿಸಿಕೊಂಡಿದ್ದೇನೆ.) ಒಂದು ವಾಕ್ಯದ ಮೊದಲ ಚಿಹ್ನೆಯ ಸಂಖ್ಯೆಯನ್ನು 2ರ ತಲೆಯ ಮೇಲೆ, ಎರಡನೆಯದನ್ನು 3ರ ತಲೆಯ ಮೇಲೆ, ಮೂರನೆಯದನ್ನು 5ರ ತಲೆಯ ಮೇಲೆ ಇಟ್ಟು, ಎಲ್ಲವನ್ನೂ ಗುಣಿಸಬೇಕು. 0=0 ಎಂಬ ವಾಕ್ಯ 2¹ × 3³ × 5¹ ಆಗಿ 270 ಎಂಬ ಸಂಖ್ಯೆಯಾಗುತ್ತದೆ. S0=S0 ಎಂಬುದು 2² × 3¹ × 5³ × 7² × 11¹ ಆಗಿ 8,08,500. S0=0 ಎಂಬ ಸುಳ್ಳು, ನಾವು ಮೊದಲೇ ಒಡೆದು ನೋಡಿದ 10,500.

ಅಕ್ಷರವನ್ನು ಅಂಕಿಯಾಗಿಸುವುದು ನಮಗೆ ಹೊಸತೇನಲ್ಲ. ಸಂಗೀತ ಬಲ್ಲವರಿಗೆ ಕಟಪಯಾದಿ ಗೊತ್ತು. ‘ಮೇಚಕಲ್ಯಾಣಿ’ಯ ಮೇ ಅಂದರೆ 5, ಚ ಅಂದರೆ 6, ತಿರುಗಿಸಿ ಓದಿದರೆ 65ನೇ ಮೇಳ. ಆದರೆ ಅದು ಒಂದೇ ದಿಕ್ಕಿನ ದಾರಿ. 65 ಎಂದು ಕೊಟ್ಟರೆ ಅದರಿಂದ ಕಲ್ಯಾಣಿಯೇ ಹೊರಡಬೇಕೆಂದಿಲ್ಲ, ಅದೇ ಅಂಕಿ ಕೊಡುವ ಪದಗಳು ಬೇಕಾದಷ್ಟಿವೆ. ಗೋಡೆಲ್ ಅವರಿಗೆ ಹೋದ ದಾರಿಯಲ್ಲೇ ಮರಳಿ ಬರುವುದು ಬೇಕಿತ್ತು. ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯಗಳಾಗಿ ಒಡೆಯಲು ಇರುವುದು ಒಂದೇ ಬಗೆ. ಹಾಗಾಗಿ ಸಂಖ್ಯೆ ಕೈಯಲ್ಲಿದ್ದರೆ ವಾಕ್ಯವೂ ಕೈಯಲ್ಲಿದ್ದ ಹಾಗೆ, ಒಂದು ಚಿಹ್ನೆಯೂ ಆಚೀಚೆ ಆಗದೆ.

ಇದರ ಸವಿ ಇರುವುದು ಸಂಕೇತದಲ್ಲಲ್ಲ, ಅದರಿಂದ ಮುಂದೆ ಆಗುವುದರಲ್ಲಿ. ‘ಈ ವಾಕ್ಯ S ಚಿಹ್ನೆಯಿಂದ ಶುರುವಾಗುತ್ತದೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಇದು ಬರವಣಿಗೆಯ ಬಗೆಗಿನ ಮಾತು, ಗಣಿತದ ಮಾತಲ್ಲ. ಆದರೆ ಸಂಖ್ಯೆಯ ಕಡೆಯಿಂದ ನೋಡಿದರೆ, ಮೊದಲ ಚಿಹ್ನೆ S ಎಂದರೆ 2ರ ಘಾತಾಂಕ ಸರಿಯಾಗಿ ಎರಡು ಎಂದರ್ಥ. ಅಂದರೆ ಆ ಸಂಖ್ಯೆ ನಾಲ್ಕರಿಂದ ಭಾಗವಾಗುತ್ತದೆ, ಎಂಟರಿಂದ ಭಾಗವಾಗುವುದಿಲ್ಲ. ಈಗ ಇದು ಅಂಕಗಣಿತದ ಮಾತು. 10,500ನ್ನು ನಾಲ್ಕರಿಂದ ಭಾಗಿಸಿ, ಎಂಟರಿಂದ ಭಾಗಿಸಿ, ನೀವೇ ನೋಡಿ. ಬರವಣಿಗೆಯ ಬಗ್ಗೆ ಹೇಳಬಹುದಾದ ಪ್ರತಿಯೊಂದೂ ಹೀಗೆ ಭಾಗಾಕಾರ, ಗುಣಾಕಾರಗಳ ಮಾತಾಗಿ ಕರಗುತ್ತದೆ.

ಸಾಧನೆಗೂ ಇದೇ ಉಪಚಾರ. ಸಾಧನೆಯೆಂದರೆ ವಾಕ್ಯಗಳ ಸಾಲು, ಪ್ರತಿ ವಾಕ್ಯಕ್ಕೆ ಈಗಾಗಲೇ ಒಂದು ಸಂಖ್ಯೆಯಿದೆ. ಆ ಸಂಖ್ಯೆಗಳನ್ನು ಮತ್ತೆ 2, 3, 5ರ ತಲೆಯ ಮೇಲೆ ಇಟ್ಟರೆ ಇಡೀ ಸಾಧನೆ ಒಂದೇ ಸಂಖ್ಯೆ. ‘0=0; ಸಮವಾದವುಗಳ ಎರಡೂ ಕಡೆ S ಸೇರಿಸಬಹುದು; ಆದ್ದರಿಂದ S0=S0’ ಎಂಬ ಎರಡು ಸಾಲಿನ ಪುಟಾಣಿ ಸಾಧನೆ 2²⁷⁰ × 3⁸⁰⁸⁵⁰⁰ ಆಗುತ್ತದೆ. ಬರೆದರೆ 3 ಲಕ್ಷ 85 ಸಾವಿರಕ್ಕೂ ಹೆಚ್ಚು ಅಂಕಿಗಳು. ಯಾರೂ ಬರೆಯಬೇಕಾಗಿಲ್ಲ, ಅದು ಇದೆ ಎಂದು ತಿಳಿದರೆ ಸಾಕು. ಅದನ್ನು ಒಡೆದಾಗ ಸಿಗುವ ಅತಿ ದೊಡ್ಡ ಅವಿಭಾಜ್ಯದ ತಲೆಯ ಮೇಲಿನ ಘಾತಾಂಕವೇ ಸಾಧನೆಯ ಕೊನೆಯ ಸಾಲು, ಎಂದರೆ ಸಾಧಿಸಿದ ಪ್ರಮೇಯ. ಒಂದು ಸಾಲು ಸ್ವಯಂಸಿದ್ಧವೇ, ಮೇಲಿನ ಸಾಲಿನಿಂದ ನಿಯಮದಂತೆ ಬಂತೇ ಎಂದು ನೋಡುವ ತಾಳೆಯ ಕೆಲಸವೆಲ್ಲ ಘಾತಾಂಕಗಳ ಲೆಕ್ಕವೇ. ಹಾಗಾಗಿ ‘ಸಂಖ್ಯೆ p ಎಂಬುದು ಸಂಖ್ಯೆ n ಎಂಬುದರ ಸಾಧನೆ’ ಎನ್ನುವುದು ‘p ಯಿಂದ n ಭಾಗವಾಗುತ್ತದೆ’ ಎನ್ನುವ ಜಾತಿಯದೇ ಮಾತಾಯಿತು. ತುಂಬ ಉದ್ದದ್ದು, ಆದರೆ ಅದೇ ಜಾತಿಯದು. ಸಂಖ್ಯೆಗಳ ಬಗ್ಗೆ ಮಾತಾಡಲೆಂದು ಕಟ್ಟಿದ ವ್ಯವಸ್ಥೆಗೆ, ನಾವು ಹೇಳಿಕೊಡದೆಯೇ, ತನ್ನ ಸಾಧನೆಗಳ ಬಗ್ಗೆಯೂ ಮಾತಾಡಲು ಬಂದುಬಿಟ್ಟಿದೆ.

ಇನ್ನು ನನ್ನ ಪೆನ್ಸಿಲ್ ನಿಲ್ಲುವ ತಿರುವು. ‘ನನಗೆ ಸಾಧನೆಯಿಲ್ಲ’ ಎಂದು ಹೇಳುವ ವಾಕ್ಯವೊಂದು ಬೇಕು. ಆದರೆ ಅಂಕಗಣಿತದಲ್ಲಿ ‘ನಾನು’ ಎಂಬ ಪದವಿಲ್ಲ. ವಾಕ್ಯದೊಳಗೆ ಅದರದೇ ಸಂಖ್ಯೆಯನ್ನು ಬರೆದುಬಿಟ್ಟರೆ ಆಗದೇ ಎಂದರೆ, ಆಗದು. 270 ಎಂದು ಬರೆಯಲು 270 S ಬೇಕೆಂದೆವಲ್ಲ, ಅಷ್ಟು ಚಿಹ್ನೆಗಳಿರುವ ವಾಕ್ಯದ ಸಂಖ್ಯೆ 270ಕ್ಕಿಂತ ಊಹೆಗೆ ನಿಲುಕದಷ್ಟು ದೊಡ್ಡದಾಗುತ್ತದೆ. ವಾಕ್ಯದ ಸಂಖ್ಯೆ ಅದರ ಹೊಟ್ಟೆಯೊಳಗಿನ ಸಂಖ್ಯೆಗಿಂತ ಯಾವಾಗಲೂ ಮುಂದೆಯೇ ಓಡುತ್ತಿರುತ್ತದೆ. ಪಾತ್ರೆಯೊಳಗೆ ಅದೇ ಪಾತ್ರೆಯನ್ನು ಇಡಲು ಬರುವುದಿಲ್ಲ.

ಗೋಡೆಲ್ ಪಾತ್ರೆಯ ಬದಲು ಪಾತ್ರೆ ಮಾಡುವ ವಿಧಾನವನ್ನು ಒಳಗಿಟ್ಟರು. ಇದನ್ನು ಕನ್ನಡದಲ್ಲೇ ಮಾಡಿ ನೋಡಬಹುದು, ಇಂಗ್ಲಿಷಿಗಿಂತ ಚೆನ್ನಾಗಿಯೇ ಕೂರುತ್ತದೆ. ಏಕೆಂದರೆ ನಮ್ಮಲ್ಲಿ ಉದ್ಧರಿಸಿದ ಮಾತು ಮೊದಲು ಬಂದು, ಅದರ ಬೆನ್ನಿಗೆ ‘ಎಂಬುದನ್ನು’ ಬರುವುದೇ ರೂಢಿ. ಈ ವಾಕ್ಯವನ್ನು ನಿಧಾನವಾಗಿ ಓದಿ:

“ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಒಮ್ಮೆ, ಚಿಹ್ನೆಯಿಲ್ಲದೆ ಮತ್ತೊಮ್ಮೆ ಬರೆದರೆ ಸಿಗುವ ವಾಕ್ಯಕ್ಕೆ ಸಾಧನೆಯಿಲ್ಲ” ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಒಮ್ಮೆ, ಚಿಹ್ನೆಯಿಲ್ಲದೆ ಮತ್ತೊಮ್ಮೆ ಬರೆದರೆ ಸಿಗುವ ವಾಕ್ಯಕ್ಕೆ ಸಾಧನೆಯಿಲ್ಲ.

ಅದು ಹೇಳಿದಂತೆ ಮಾಡಿ ನೋಡಿ. ಒಳಗಿರುವ ಮಾತನ್ನು ಚಿಹ್ನೆಯೊಳಗೆ ಒಮ್ಮೆ ಬರೆಯಿರಿ, ಪಕ್ಕದಲ್ಲಿ ಚಿಹ್ನೆಯಿಲ್ಲದೆ ಮತ್ತೊಮ್ಮೆ ಬರೆಯಿರಿ. ಸಿಗುವುದು ಯಾವ ವಾಕ್ಯ? ಅದೇ ವಾಕ್ಯ, ಅಕ್ಷರಕ್ಕೆ ಅಕ್ಷರ. ‘ಈ ವಾಕ್ಯ’ ಎನ್ನದೆ, ‘ನಾನು’ ಎನ್ನದೆ, ಬರೀ ಒಂದು ಬರೆಯುವ ವಿಧಾನವನ್ನು ಹೇಳಿ, ಅದು ತನ್ನನ್ನೇ ಮುಟ್ಟಿತು. ಮೊದಲ ಸಲ ಇದು ಅರ್ಥವಾದಾಗ ನಾನು ನಿಜಕ್ಕೂ ಕಾಗದ ತೆಗೆದುಕೊಂಡು ಎರಡು ಸಲ ಬರೆದು, ಬೆರಳಿಟ್ಟು ಅಕ್ಷರ ಅಕ್ಷರ ಹೋಲಿಸಿದ್ದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಅಂಕಗಣಿತದಲ್ಲಿ ಉದ್ಧರಣ ಚಿಹ್ನೆಯ ಕೆಲಸವನ್ನು ಸಂಖ್ಯೆ ಮಾಡುತ್ತದೆ. x ಎಂಬ ಖಾಲಿ ಜಾಗವಿರುವ ಒಂದು ಸೂತ್ರವಿದೆ, ಅದರ ಸಂಖ್ಯೆ n ಎನ್ನಿ. ಆ ಖಾಲಿ ಜಾಗಕ್ಕೆ n ಎಂಬ ಸಂಖ್ಯೆಯನ್ನೇ ತುಂಬಿದರೆ ಒಂದು ವಾಕ್ಯ ಸಿಗುತ್ತದೆ, ಅದಕ್ಕೂ ಒಂದು ಸಂಖ್ಯೆಯಿರುತ್ತದೆ. ಅದನ್ನು d(n) ಎನ್ನೋಣ. n ಗೊತ್ತಿದ್ದರೆ d(n) ಕಂಡುಹಿಡಿಯುವುದು ಘಾತಾಂಕಗಳ ಲೆಕ್ಕ ಅಷ್ಟೆ. ಈಗ ‘d(x) ಎಂಬ ಸಂಖ್ಯೆಯ ವಾಕ್ಯಕ್ಕೆ ಸಾಧನೆಯಿಲ್ಲ’ ಎಂಬ ಸೂತ್ರವನ್ನು ಬರೆಯಿರಿ. ಅದರಲ್ಲೂ x ಎಂಬ ಖಾಲಿ ಜಾಗವಿದೆ, ಅದಕ್ಕೂ ಒಂದು ಸಂಖ್ಯೆಯಿದೆ, ಅದು m ಆಗಿರಲಿ. ಖಾಲಿ ಜಾಗಕ್ಕೆ m ತುಂಬಿ: ‘d(m) ಎಂಬ ಸಂಖ್ಯೆಯ ವಾಕ್ಯಕ್ಕೆ ಸಾಧನೆಯಿಲ್ಲ.’ d(m) ಅಂದರೆ ಯಾವುದು? m ಎಂಬ ಸಂಖ್ಯೆಯ ಸೂತ್ರದಲ್ಲಿ m ತುಂಬಿದಾಗ ಸಿಗುವ ವಾಕ್ಯದ ಸಂಖ್ಯೆ. ಅಂದರೆ ಈಗ ತಾನೇ ನಾವು ಮಾಡಿದ ವಾಕ್ಯದ ಸಂಖ್ಯೆ. ಈ ವಾಕ್ಯವನ್ನು G ಎಂದು ಕರೆಯುವುದು ವಾಡಿಕೆ. ಹೊರಗಿನಿಂದ ನೋಡಿದರೆ ಅದು ಸಂಖ್ಯೆಗಳ ಕೂಡುವಿಕೆ, ಗುಣಿಸುವಿಕೆಯ ಬಗ್ಗೆ ಒಂದು ಉದ್ದನೆಯ ಹೇಳಿಕೆ, ಇಂಥ ಗುಣವುಳ್ಳ ಸಂಖ್ಯೆ ಯಾವುದೂ ಇಲ್ಲ ಎನ್ನುವಂಥದ್ದು.

ಈಗ G ಎಂಬುದಕ್ಕೆ ಸಾಧನೆಯಿದೆ ಎಂದುಕೊಳ್ಳಿ. ಹಾಗಾದರೆ ಆ ಸಾಧನೆಗೆ ಒಂದು ಸಂಖ್ಯೆಯಿದೆ. ಆ ಸಂಖ್ಯೆಯನ್ನು ಒಡೆದು, ಸಾಲು ಸಾಲು ತಾಳೆ ನೋಡಿ, ‘ಹೌದು, ಇದು G ಯ ಸಾಧನೆ’ ಎಂದು ಹೇಳುವುದು ಬರೀ ಲೆಕ್ಕ. ಲೆಕ್ಕ ಮಾಡಲು ವ್ಯವಸ್ಥೆಗೆ ಬರುತ್ತದೆ. ಆದ್ದರಿಂದ ‘G ಗೆ ಸಾಧನೆಯಿದೆ’ ಎಂದು ಅದು ಸಾಧಿಸುತ್ತದೆ. ಆದರೆ G ಹೇಳುವುದೇ ತನಗೆ ಸಾಧನೆಯಿಲ್ಲ ಎಂದು, ಅದನ್ನೂ ಸಾಧಿಸಿಯಾಗಿದೆ. ವ್ಯವಸ್ಥೆ ತನ್ನ ಮಾತನ್ನು ತಾನೇ ಅಲ್ಲಗಳೆದಂತಾಯಿತು. ಅಂಥ ವೈರುಧ್ಯ ಅದರಲ್ಲಿಲ್ಲ ಎಂದಾದರೆ G ಗೆ ಸಾಧನೆ ಇರಲಾರದು. G ಹೇಳುತ್ತಿದ್ದದ್ದು ಅದನ್ನೇ. ಆದ್ದರಿಂದ G ನಿಜ, ಮತ್ತು ಸಾಧನೆಯಿಲ್ಲದ ನಿಜ. G ಸುಳ್ಳು ಎಂದಾದರೂ ವ್ಯವಸ್ಥೆ ಸಾಧಿಸಬಹುದೇ ಎಂದರೆ, ನಿಜವನ್ನಷ್ಟೇ ಸಾಧಿಸುವ ವ್ಯವಸ್ಥೆ ಅದನ್ನೂ ಮಾಡದು. ಈ ಎರಡನೇ ಅರ್ಧಕ್ಕೆ ಗೋಡೆಲ್ ಅವರಿಗೆ ಬರೀ ವೈರುಧ್ಯವಿಲ್ಲದಿರುವುದಕ್ಕಿಂತ ತುಸು ಹೆಚ್ಚಿನ ಷರತ್ತು ಬೇಕಾಗಿತ್ತು. 1936ರಲ್ಲಿ ಬಾರ್ಕ್ಲಿ ರೋಸರ್ ವಾಕ್ಯವನ್ನು ಸ್ವಲ್ಪ ಬದಲಿಸಿ, ವೈರುಧ್ಯವಿಲ್ಲದಿದ್ದರಷ್ಟೇ ಸಾಕು ಎಂದು ತೋರಿಸಿದರು.

‘ನಾನು ಹೇಳುತ್ತಿರುವುದು ಸುಳ್ಳು’ ಎಂಬ ಹಳೆಯ ಒಗಟು ಇದರ ಪಕ್ಕದ ಮನೆಯದು. ಅಲ್ಲಿ ಸುಳ್ಳು ಎಂದರೆ ನಿಜವಾಗುತ್ತದೆ, ನಿಜ ಎಂದರೆ ಸುಳ್ಳಾಗುತ್ತದೆ, ಮಾತು ಸುತ್ತಿ ಸುತ್ತಿ ಬೀಳುತ್ತದೆ. ಅದರಲ್ಲಿ ಒಂದೇ ಪದ ಬದಲಿಸಿ, ‘ಸುಳ್ಳು’ ಇದ್ದಲ್ಲಿ ‘ಸಾಧನೆಯಿಲ್ಲ’ ಎಂದಿಟ್ಟರೆ ಮಾತು ಬೀಳುವುದಿಲ್ಲ, ನಿಲ್ಲುತ್ತದೆ, ಪ್ರಮೇಯವಾಗುತ್ತದೆ. ಏಕೆ? ಇಲ್ಲಿ ಇನ್ನೊಂದು ಕಿಟಕಿ ತೆರೆಯುತ್ತದೆ, ನನಗೆ ಇದೇ ಹೆಚ್ಚು ಇಷ್ಟ. ‘ಸಾಧನೆಯಿದೆ’ ಎಂಬುದನ್ನು ಅಂಕಗಣಿತದ ಭಾಷೆಯಲ್ಲಿ ಬರೆಯಬಹುದೆಂದು ನೋಡಿದೆವು. ‘ನಿಜ’ ಎಂಬುದನ್ನೂ ಹಾಗೆ ಬರೆಯಲು ಬರುವಂತಿದ್ದರೆ, ಅದೇ ಬರೆಯುವ ವಿಧಾನದಿಂದ ‘ನಾನು ನಿಜವಲ್ಲ’ ಎಂಬ ವಾಕ್ಯ ಅಂಕಗಣಿತದೊಳಗೇ ಹುಟ್ಟುತ್ತಿತ್ತು, ಸಂಖ್ಯೆಗಳ ಲೋಕವೇ ತಲೆಕೆಳಗಾಗುತ್ತಿತ್ತು. ಹಾಗೆ ಆಗುವಂತಿಲ್ಲ. ಆದ್ದರಿಂದ ಅಂಕಗಣಿತದ ನಿಜಗಳನ್ನೆಲ್ಲ ಗುರುತಿಸುವ ಸೂತ್ರ ಅಂಕಗಣಿತದಲ್ಲಿ ಇಲ್ಲವೇ ಇಲ್ಲ. ಆಲ್ಫ್ರೆಡ್ ಟಾರ್ಸ್ಕಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ಮಾತನ್ನು ಗೋಡೆಲ್ ಕೂಡ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು. ಸಾಧನೆಯುಳ್ಳವುಗಳ ಗುಂಪಿಗೆ ಸೂತ್ರವಿದೆ, ನಿಜಗಳ ಗುಂಪಿಗೆ ಇಲ್ಲ. ಹಾಗಿದ್ದ ಮೇಲೆ ಎರಡೂ ಒಂದೇ ಗುಂಪಾಗಿರಲು ಸಾಧ್ಯವೇ? ಎಷ್ಟೇ ಜಾಣ ಸ್ವಯಂಸಿದ್ಧಗಳನ್ನು ಆರಿಸಿದರೂ ನಡುವೆ ಸಂದು ಉಳಿದೇ ಉಳಿಯುತ್ತದೆ.

‘ಅದೇ G ಯನ್ನು ಹೊಸ ಸ್ವಯಂಸಿದ್ಧವಾಗಿ ಸೇರಿಸಿಬಿಟ್ಟರೆ?’ ಎಂದು ಓದುಗರು ಕೇಳುವುದು ಸಹಜ. ಸೇರಿಸಬಹುದು, ಅದರಲ್ಲಿ ತಪ್ಪೂ ಇಲ್ಲ. ಆದರೆ ಸ್ವಯಂಸಿದ್ಧ ಬದಲಾದರೆ ‘ಸಾಧನೆ’ ಎಂಬ ಲೆಕ್ಕವೂ ಬದಲಾಗುತ್ತದೆ, ಆ ಹೊಸ ಲೆಕ್ಕಕ್ಕೆ ಹೊಸದೊಂದು G ಹುಟ್ಟುತ್ತದೆ. ನಿಜಗಳನ್ನೆಲ್ಲ ಸಾರಾಸಗಟಾಗಿ ಸ್ವಯಂಸಿದ್ಧ ಎಂದುಬಿಟ್ಟರೆ ಕೊರತೆಯೇನೋ ನೀಗುತ್ತದೆ, ಆದರೆ ಯಾವುದು ಸ್ವಯಂಸಿದ್ಧ ಎಂದು ತಾಳೆ ನೋಡುವ ಬಗೆ ಯಾರಿಗೂ ಇರುವುದಿಲ್ಲ. ಇದರಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ: ಸಾಧಿಸಲಾಗದ್ದು ಎಂದರೆ ಯಾವಾಗಲೂ ‘ಇಂಥ ವ್ಯವಸ್ಥೆಯಲ್ಲಿ’ ಸಾಧಿಸಲಾಗದ್ದು. ಮನುಷ್ಯನಿಗೆ ಎಂದೆಂದಿಗೂ ನಿಲುಕದ ನಿಜವಿದೆ ಎಂದು ಗೋಡೆಲ್ ಹೇಳಿದರೆಂದು ಬರೆಯುವವರಿದ್ದಾರೆ, ಅವರು ಹಾಗೆ ಸಾಧಿಸಿಲ್ಲ. ಎಲ್ಲ ವ್ಯವಸ್ಥೆಗೂ ಈ ಕೊರತೆಯಿದೆ ಎಂಬುದೂ ತಪ್ಪು. ಬರೀ ಕೂಡುವುದಿದ್ದು ಗುಣಿಸುವುದಿಲ್ಲದ ಅಂಕಗಣಿತದಲ್ಲಿ ಪ್ರತಿ ನಿಜಕ್ಕೂ ಸಾಧನೆಯಿದೆ ಎಂದು 1929ರಲ್ಲೇ ಮೊಯ್ಸೆಷ್ ಪ್ರೆಸ್‌ಬರ್ಗರ್ ತೋರಿಸಿದ್ದರು. ಗುಣಾಕಾರ ಬಂದೊಡನೆ ಅವಿಭಾಜ್ಯಗಳು ಬರುತ್ತವೆ, ಅವುಗಳ ತಲೆಯ ಮೇಲೆ ವಾಕ್ಯಗಳನ್ನು ಹೊರಿಸಲು ಬರುತ್ತದೆ, ವ್ಯವಸ್ಥೆಗೆ ತನ್ನ ಬಗ್ಗೆ ಮಾತಾಡಲು ಬಾಯಿ ಬರುತ್ತದೆ. ಕೊರತೆ ಹುಟ್ಟುವುದು ಆ ಬಲದಿಂದಲೇ.

ಕ್ಯೋನಿಗ್ಸ್‌ಬರ್ಗ್‌ನಿಂದ ಹಿಂದಿರುಗಿದ ಫಾನ್ ನಾಯ್ಮನ್ ಸುಮ್ಮನೆ ಕೂರಲಿಲ್ಲ. ನವೆಂಬರ್ 20ರಂದು ಗೋಡೆಲ್ ಅವರಿಗೆ ಕಾಗದ ಬರೆದು, ನಿಮ್ಮ ದಾರಿಯಲ್ಲೇ ಹೋದರೆ ಇನ್ನೂ ಒಂದು ಹೊಳೆಯುತ್ತದೆ ಎಂದು ತಿಳಿಸಿದರು. ಗೋಡೆಲ್ ಅವರ ಲೇಖನ ಮೂರು ದಿನ ಮೊದಲೇ ವಿಯೆನ್ನಾದ ಪತ್ರಿಕೆಯನ್ನು ತಲುಪಿತ್ತು, ಆ ಮಾತೂ ಅದರಲ್ಲಿತ್ತು. ಅದೇ ಎರಡನೇ ಪ್ರಮೇಯ. ಮೇಲೆ ನಾವು ‘ವೈರುಧ್ಯವಿಲ್ಲ ಎಂದಾದರೆ G ಗೆ ಸಾಧನೆಯಿಲ್ಲ’ ಎಂದು ತರ್ಕಿಸಿದೆವಲ್ಲ, ಆ ತರ್ಕವೂ ಸಾಲು ಸಾಲಾಗಿ ಬರೆಯಬಹುದಾದದ್ದೇ, ವ್ಯವಸ್ಥೆಯೊಳಗೇ ಬರೆಯಬಹುದು. ಅಂದರೆ ‘ವೈರುಧ್ಯವಿಲ್ಲದಿದ್ದರೆ G’ ಎಂಬುದಕ್ಕೆ ವ್ಯವಸ್ಥೆಯಲ್ಲಿ ಸಾಧನೆಯಿದೆ. ‘ವೈರುಧ್ಯವಿಲ್ಲ’ ಎಂಬುದಕ್ಕೂ ಅಲ್ಲಿ ಸಾಧನೆ ಸಿಕ್ಕಿಬಿಟ್ಟರೆ ಎರಡನ್ನೂ ಸೇರಿಸಿ G ಯನ್ನು ಸಾಧಿಸಿದ ಹಾಗಾಯಿತು. ಅದು ಆಗದು. ಹಾಗಾಗಿ ವೈರುಧ್ಯವಿಲ್ಲದ ವ್ಯವಸ್ಥೆ ತನ್ನಲ್ಲಿ ವೈರುಧ್ಯವಿಲ್ಲ ಎಂಬುದನ್ನೇ ಸಾಧಿಸಲಾರದು. ಹಿಲ್ಬರ್ಟ್ ಕೇಳಿದ ಭರವಸೆಯನ್ನು ಹೊರಗಿನಿಂದ ತರಬೇಕು. 1936ರಲ್ಲಿ ಗೆರ್ಹಾರ್ಡ್ ಗೆಂಟ್ಸೆನ್ ಅಂಕಗಣಿತಕ್ಕೆ ಅದನ್ನು ತಂದುಕೊಟ್ಟರು. ಆದರೆ ಅದಕ್ಕಾಗಿ ಅಂಕಗಣಿತದ ವ್ಯವಸ್ಥೆಯೊಳಗಿಲ್ಲದ, ಅನಂತದ ಮೆಟ್ಟಿಲುಗಳನ್ನು ಇಳಿಯುವ ಒಂದು ತತ್ತ್ವವನ್ನು ಬಳಸಬೇಕಾಯಿತು.

G ಎಂಬುದು ಬೇಕೆಂದೇ ಹೆಣೆದ ವಾಕ್ಯ, ಸಹಜವಾಗಿ ಎದುರಾಗುವ ಪ್ರಶ್ನೆಗೂ ಹೀಗಾಗುತ್ತದೆಯೇ ಎಂಬ ಅನುಮಾನ ಬಹುಕಾಲ ಇತ್ತು. ರೂಬೆನ್ ಗುಡ್‌ಸ್ಟೀನ್ 1944ರಲ್ಲಿ ಒಂದು ಆಟ ಹೇಳಿದರು. ಒಂದು ಸಂಖ್ಯೆಯನ್ನು 2ರ ಘಾತಗಳಾಗಿ ಬರೆಯಿರಿ, ಘಾತಾಂಕಗಳನ್ನೂ ಹಾಗೆಯೇ. ಕಂಡ 2ಗಳನ್ನೆಲ್ಲ 3 ಮಾಡಿ, ಬಂದದ್ದರಿಂದ ಒಂದು ಕಳೆಯಿರಿ. ಉಳಿದದ್ದನ್ನು 3ರ ಘಾತಗಳಾಗಿ ಬರೆದು, 3ಗಳನ್ನೆಲ್ಲ 4 ಮಾಡಿ, ಒಂದು ಕಳೆಯಿರಿ. ಹೀಗೇ ಮುಂದೆ. 3ರಿಂದ ಹೊರಟರೆ 3, 3, 3, 2, 1, 0 ಎಂದು ಬೇಗ ಮುಗಿಯುತ್ತದೆ. 4ರಿಂದ ಹೊರಡಿ. 4 ಅಂದರೆ 2², ಅದು 3³ ಆಗಿ 27, ಒಂದು ಕಳೆದರೆ 26. 26 ಅಂದರೆ 2×3² + 2×3 + 2, ಅದು 2×4² + 2×4 + 2 ಆಗಿ 42, ಕಳೆದರೆ 41. ಮುಂದೆ 60, 83, 109. ಏರುತ್ತಲೇ ಇರುತ್ತದೆ. ಆದರೂ ಎಂದೋ ಒಂದು ದಿನ ಇಳಿಯತೊಡಗಿ ಸೊನ್ನೆ ಮುಟ್ಟುತ್ತದೆ. ಅದಕ್ಕೆ ಬೇಕಾದ ಹೆಜ್ಜೆಗಳ ಎಣಿಕೆಯನ್ನು ಬರೆಯಲೇ 12 ಕೋಟಿಗೂ ಹೆಚ್ಚು ಅಂಕಿಗಳು ಬೇಕು. ಎಲ್ಲಿಂದ ಹೊರಟರೂ ಸೊನ್ನೆ ಮುಟ್ಟುತ್ತದೆ ಎಂದು ಗುಡ್‌ಸ್ಟೀನ್ ಅನಂತದ ಮೆಟ್ಟಿಲುಗಳ ನೆರವಿನಿಂದ ಸಾಧಿಸಿದರು. ರೂಢಿಯ ಅಂಕಗಣಿತದ ಸ್ವಯಂಸಿದ್ಧಗಳಿಂದ, ಎಂದರೆ ಪೆಯಾನೋ ಹೆಸರಿನ ಪಟ್ಟಿಯಿಂದ, ಇದನ್ನು ಸಾಧಿಸಲಾಗದು ಎಂದು 1982ರಲ್ಲಿ ಲಾರೀ ಕರ್ಬಿ ಮತ್ತು ಜೆಫ್ ಪ್ಯಾರಿಸ್ ತೋರಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ನೀವು 4 ಎಂದು ಕೊಟ್ಟರೆ, ಅದು ಸೊನ್ನೆ ಮುಟ್ಟುತ್ತದೆ ಎಂದು ಆ ಸ್ವಯಂಸಿದ್ಧಗಳಿಂದಲೇ ಸಾಧಿಸಬಹುದು. 5 ಎಂದರೆ 5ಕ್ಕೂ ಆದೀತು. ಯಾವುದನ್ನು ಹೆಸರಿಸಿದರೂ ಅದೊಂದಕ್ಕೆ ಆದೀತು. ಆಗದಿರುವುದು ‘ಎಲ್ಲಕ್ಕೂ’ ಎಂಬ ಒಂದು ಪದವನ್ನು ಒಂದೇ ಸಾಧನೆಯೊಳಗೆ ಹಿಡಿಯುವುದು. ಒಂದೊಂದರ ಸಾಧನೆಗಳು ಒಂದಕ್ಕೊಂದು ಹೋಲುತ್ತಿದ್ದರೂ, ಅವನ್ನೆಲ್ಲ ಕಟ್ಟಿಡುವಷ್ಟು ಉದ್ದದ ಹಗ್ಗ ಆ ವ್ಯವಸ್ಥೆಯಲ್ಲಿಲ್ಲ.

ನಮ್ಮ 10,500ರ ಕಥೆಯೂ ಇದೇ. ವ್ಯವಸ್ಥೆಯಲ್ಲಿ ವೈರುಧ್ಯವಿಲ್ಲ ಎಂದರೆ S0=0 ಎಂಬುದಕ್ಕೆ ಸಾಧನೆಯಿಲ್ಲ ಎಂದರ್ಥ, ಏಕೆಂದರೆ ವೈರುಧ್ಯ ಒಂದಿದ್ದರೆ ಅದರಿಂದ ಯಾವ ಸುಳ್ಳನ್ನಾದರೂ ಎಳೆದು ತೆಗೆಯಬಹುದು. ಅಂದರೆ, ಅತಿ ದೊಡ್ಡ ಅವಿಭಾಜ್ಯದ ತಲೆಯ ಮೇಲೆ 10,500 ಹೊತ್ತು, ಪ್ರತಿ ಸಾಲಿನ ತಾಳೆಯಲ್ಲೂ ಗೆದ್ದು ಬರುವ ಸಂಖ್ಯೆ ಯಾವುದೂ ಇಲ್ಲ. ಹುಡುಕುತ್ತ ಹೊರಡಿ. 1 ಅಲ್ಲ, 2 ಅಲ್ಲ, 3 ಅಲ್ಲ. ಅನುಮಾನಿಸಬಹುದಾದ ಮೊದಲ ಸಂಖ್ಯೆ 2¹⁰⁵⁰⁰, 3,161 ಅಂಕಿಗಳದ್ದು. ಅದನ್ನು ಒಡೆದರೆ ಸಿಗುವುದು ಒಂದೇ ಸಾಲಿನ ಸಾಧನೆ: S0=0, ಅಷ್ಟೆ. ಅದು ಸ್ವಯಂಸಿದ್ಧವಲ್ಲ, ಮೇಲೆ ಬೇರೆ ಸಾಲಿಲ್ಲ, ಆದ್ದರಿಂದ ಅಲ್ಲ. ಇನ್ನೂ ಎಷ್ಟೋ ಮುಂದೆ 2²⁷⁰ × 3¹⁰⁵⁰⁰ ಸಿಗುತ್ತದೆ. ಮೊದಲ ಸಾಲು 0=0, ಸರಿಯಾಗಿದೆ. ಎರಡನೇ ಸಾಲು S0=0. ಬಲಗಡೆಯ ಸೊನ್ನೆಯ ಹಿಂದೆ ಒಂದು S ಬಿಟ್ಟುಹೋಗಿದೆ, ನಿಯಮದಂತೆ ಬಂದಿಲ್ಲ. ಇದೂ ಅಲ್ಲ. ಪ್ರತಿ ಸಂಖ್ಯೆಗೂ ವ್ಯವಸ್ಥೆ ಹೀಗೆ ಲೆಕ್ಕ ಮಾಡಿ, ‘ಇದು ಅಲ್ಲ’ ಎಂದು ಖಚಿತವಾಗಿ ಸಾಧಿಸುತ್ತ ಹೋಗುತ್ತದೆ. ಆಮೇಲೆ ಅದರ ಮುಂದಿನ ಸಂಖ್ಯೆಯನ್ನು ಕೈಗೆತ್ತಿಕೊಳ್ಳುತ್ತದೆ.